ಕೆಂಪು ನನ್ನದು, ಗೆರೆ ಮಗಳದು

ಆಗ ನನಗೆ ಅರವತ್ತೆಂಟು. ಇದು ನಡೆದು ಮೂರು ವರ್ಷವಾಯಿತು. ಮಗಳಿಗೆ ಆಗ ಮೂವತ್ತಾರು. ಚೆಟ್ಟಳ್ಳಿಯ ಹತ್ತಿರದ ಎಸ್ಟೇಟಿನಲ್ಲಿ ನಾನು ಮೂವತ್ತು ವರ್ಷ ಕಾಫಿ ಕೊಯ್ದವಳು. ಮಗಳು ಅದೇ ಎಸ್ಟೇಟಿನ ಆಫೀಸಿನಲ್ಲಿ ರೈಟರ್. ಕೂಲಿಯವರ ಹಾಜರಿ, ತೂಕ, ಸಂಬಳ ಎಲ್ಲ ಬರೆಯುವುದು ಅವಳೇ. ಈ ಓಟ ಹೇಗೆ ಅಂಟಿಕೊಂಡಿತೋ ನನಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಓಡುತ್ತಿದ್ದಳು, ಬಂದು ಸ್ನಾನ ಮಾಡಿ ಆಫೀಸಿಗೆ ಹೋಗುತ್ತಿದ್ದಳು. ಅಷ್ಟೆ.

ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ, ನಲ್ಲಿಯ ಹತ್ತಿರ ಹೆಂಗಸರಿಗೆ ಅದೇ ಮಾತು. ಅವರಲ್ಲೊಬ್ಬಳು, ನನ್ನ ಜೊತೆಯಲ್ಲೇ ಕೊಯ್ದವಳು, ನನ್ನ ಮುಖಕ್ಕೇ ಹೇಳಿದಳು.

"ಏನಕ್ಕಾ, ನಿನ್ ಮಗಳನ್ನ ಯಾವ ನಾಯಿ ಅಟ್ಟಿಸ್ಕೊಂಡ್ ಬರ್ತದೆ ದಿನಾ?"

"ನಿನ್ನ ಗಂಡ ಅಟ್ಟಿಸಿದ್ರೂ ನೀನು ಓಡಲ್ಲ ಬಿಡು" ಎಂದೆ ನಾನು. ಹೇಳಿದೆನೇ ಹೊರತು ಒಳಗೆ ಸ್ವಲ್ಪ ಚುಚ್ಚಿತು.

ಆ ವರ್ಷ ಮಡಿಕೇರಿಯ ಏರು ರಸ್ತೆಯಲ್ಲಿ ನಾಲ್ಕು ಹೆಂಗಸರ ಒಂದು ತಂಡ ಓಡುವುದಿತ್ತು. ಒಬ್ಬರು ಓಡಿ ಮುಗಿಸಿದಲ್ಲಿಂದ ಇನ್ನೊಬ್ಬರು ಓಡಬೇಕು. ಮೂವರು ಆಯ್ಕೆಯಾಗಿದ್ದರು. ಉಳಿದ ಒಂದು ಜಾಗಕ್ಕೆ ನನ್ನ ಮಗಳು ಮತ್ತು ಶಿರಂಗಾಲದ ಕಡೆಯ ಒಬ್ಬಳು. ಅವರಿಗೆ ಓಟ ಕಲಿಸುವ ಮೇಷ್ಟ್ರು ಇರುವುದು ಮೈಸೂರಿನಲ್ಲಿ. ಎಲ್ಲ ಫೋನಿನಲ್ಲೇ. ಅವರು ಇಬ್ಬರಿಗೂ ಹೇಳಿದ್ದು ಒಂದೇ: ನಿಮ್ಮ ನಿಮ್ಮ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಓಡಿ, ಮೊದಲಿಂದ ಕೊನೆಯವರೆಗೆ ಮೈಗೆ ಒಂದೇ ಸಮನಾದ ಶ್ರಮ ಇರಲಿ, ಆಮೇಲೆ ಆ್ಯಪಿನ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿ.

ಮಗಳಿಗೆ ಆ ಜಾಗ ಬೇಕಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ವಾರ ನಾನು ಮಾಡಿದ ಹಂದಿ ಸಾರನ್ನು ಅವಳು ಬೇಡ ಎಂದಳು. ಅದಕ್ಕಿಂತ ದೊಡ್ಡ ಗುರುತು ನನಗೆ ಬೇಡ.

ಭಾನುವಾರ ಓಡಿದಳು. ನಮ್ಮ ಗೇಟಿನಿಂದ ಮೇಲಿನ ಬಂಗಲೆಯ ತನಕ ಏರು, ಅಲ್ಲಿಂದ ವಾಪಸು ಇಳಿಜಾರು. ಓಡಿ ಬಂದು ಮನೆಯ ಮುಂದೆ ನಿಂತು ವಾಚಿನ ಗುಂಡಿ ಒತ್ತಿದವಳೇ ಒಳಗೆ ನೋಡಿ ಬೈಯಲು ಶುರು ಮಾಡಿದಳು.

"ಅವ್ವಾ, ಒಲೆ ಮೇಲೆ ಹಾಲಿಟ್ಟು ಎಲ್ಲಿಗೆ ಹೋಗಿದ್ದೆ? ಉಕ್ಕಿ ಎಲ್ಲ ಸುಟ್ಟು ವಾಸನೆ ಗೇಟಿನ ತನಕ ಬರ್ತಾ ಉಂಟು. ಎಷ್ಟು ಸಲ ಹೇಳೋದು ನಿನಗೆ!"

ಉಸಿರು ಕಟ್ಟಲಿಲ್ಲ, ನಡುವೆ ನಿಲ್ಲಲಿಲ್ಲ, ಪೂರ್ತಿ ಬೈದಳು.

ಸ್ಕ್ರೀನ್‌ಶಾಟ್ ಕಳಿಸಿದಳು. ಮಧ್ಯಾಹ್ನ ಮೇಷ್ಟ್ರ ಮಾತು ರೆಕಾರ್ಡ್ ಆಗಿ ಬಂತು. ಅವಳು ಎರಡು ಸಲ ಕೇಳಿ ಫೋನನ್ನು ಬೋರಲು ಹಾಕಿದಳು. ನಾನು ತೆಗೆದು ನನಗೂ ಹಾಕು ಎಂದೆ.

"ನೋಡಿಯಮ್ಮ, ನಿಮ್ಮದು ಒಂದು ಕಿಲೋಮೀಟರ್ ಏಳು ನಿಮಿಷ, ಇನ್ನೊಂದು ಆರು ನಿಮಿಷವೂ ಇಲ್ಲ. ಹಾರ್ಟ್ ರೇಟ್ ನೋಡಿದರೆ ಹೆಚ್ಚುಕಮ್ಮಿ ಎಲ್ಲಾ ಐದನೇ ಝೋನು, ಬರೀ ಕೆಂಪು. ಇದು ಹಿಡಿತ ಇಲ್ಲದ ಓಟ. ಆ ಇನ್ನೊಬ್ಬರದು ಎಂಟೂ ಕಿಲೋಮೀಟರ್ ಆರು ನಿಮಿಷದ ಆಸುಪಾಸು, ಸ್ಕೇಲ್ ಇಟ್ಟು ಎಳೆದ ಹಾಗೆ. ಜಾಗ ಅವರಿಗೆ ಕೊಡೋಣ ಅಂತಿದ್ದೀನಿ."

ಕೆಂಪು ಅಂದರೆ ಏನು ಎಂದು ಕೇಳಿದೆ. ಹೃದಯದ ಬಡಿತವನ್ನು ಐದು ಬಣ್ಣಕ್ಕೆ ಹಂಚಿದ್ದಾರೆ, ಕೆಂಪು ಕೊನೆಯದು, ಇನ್ನು ಆಗಲ್ಲ ಅನ್ನುವ ಮಟ್ಟ ಎಂದಳು.

"ಆ ಮಟ್ಟದಲ್ಲಿ ಇದ್ದವಳು ಬಂದ ಕೂಡ್ಲೆ ಹಾಲಿನ ವಿಷಯಕ್ಕೆ ಅಷ್ಟು ಬೈತಿದ್ಯಾ?"

"ಬಿಡವ್ವ. ಆ್ಯಪು ಸುಳ್ಳು ಹೇಳ್ತದಾ?"

"ನಂಗೇನು ಗೊತ್ತು. ಫೋನ್ ಹಚ್ಚು ಅವರಿಗೆ."

ಅವಳು ಹಚ್ಚಲಿಲ್ಲ. ನಾನೇ ಮೇಷ್ಟ್ರ ಚಿತ್ರ ಹುಡುಕಿ ಒತ್ತಿದೆ. ಓದು ಬರಹ ನನಗೆ ಅಷ್ಟಕ್ಕಷ್ಟೆ, ಚಿತ್ರ ಗೊತ್ತಾಗುತ್ತದೆ. ಮಗಳು ಹಣೆ ಚಚ್ಚಿಕೊಂಡು ಫೋನನ್ನು ಸ್ಪೀಕರಿಗೆ ಹಾಕಿದಳು.

"ಸಾರ್, ನಾನು ಅವಳ ಅವ್ವ. ಕಾಫಿ ಮೂಟೆ ಹೊತ್ತು ಏರು ಹತ್ತಿದವಳು. ಪಕ್ಕದವಳ ಮಾತಿಗೆ ಉತ್ತರ ಕೊಡೋಕೆ ಆಗದಿದ್ರೆ ಹೆಜ್ಜೆ ಸಣ್ಣ ಮಾಡ್ತಿದ್ವಿ, ಇಲ್ಲಾಂದ್ರೆ ತೂಕದ ಜಾಗ ಮುಟ್ಟೋಕೆ ಆಗಲ್ಲ. ಇವಳು ಓಡಿ ಬಂದು ನಿಂತ ಕಾಲಲ್ಲೇ ನನ್ನ ಜನ್ಮ ಜಾಲಾಡಿದ್ಲು. ಇವಳಿಗೆ ಉಸಿರಿರಲಿಲ್ಲ ಅಂತ ನೀವು ಹೇಗೆ ಹೇಳ್ತೀರಿ?"

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಕ್ಕರು. ಮನುಷ್ಯ ಒಳ್ಳೆಯವರು, ಕೋಪ ಮಾಡಲಿಲ್ಲ.

"ಮಾತಾಡೋಕೆ ಆಗುತ್ತಾ ಅಂತ ನಾನೂ ಕೇಳಬೇಕಿತ್ತು ಅಮ್ಮ. ತಡೀರಿ, ಚಿತ್ರ ಇನ್ನೊಂದು ಸಲ ನೋಡ್ತೀನಿ. ಸರಾಸರಿ ನೂರ ನಲವತ್ತೆರಡು ಬಡಿತ. ಮೂವತ್ತಾರರ ವಯಸ್ಸಿಗೆ ಇದು ಕೆಂಪಾಗೋಕೆ ಸಾಧ್ಯವೇ ಇಲ್ಲವಲ್ಲ! ಈ ಆ್ಯಪು ವಯಸ್ಸು ನೋಡಿ ಝೋನ್ ಹಾಕುತ್ತೆ. ಮಗಳನ್ನ ಕೇಳಿ, ಅದರಲ್ಲಿ ವಯಸ್ಸು ಎಷ್ಟಿದೆ?"

ಮಗಳು ಆ್ಯಪಿನ ಒಳಗೆಲ್ಲೋ ಹೋಗಿ ನೋಡಿದಳು. ನೋಡಿ ನನ್ನ ಮುಖ ನೋಡಿದಳು.

"ಅರವತ್ತೆಂಟು."

"ಅದು ನಂದು" ಎಂದೆ.

ನನ್ನದೇ. ಆ ಫೋನ್ ಮೊದಲು ನನ್ನ ಹೆಸರಿನಲ್ಲಿ ತೆಗೆದದ್ದು. ಕುಶಾಲನಗರದ ಅಂಗಡಿಯವನು ನನ್ನ ಆಧಾರ್ ಕಾರ್ಡ್ ನೋಡಿಕೊಂಡು ಹುಟ್ಟಿದ ದಿನವನ್ನೂ ಹಾಕಿ ಎಲ್ಲ ತೆರೆದುಕೊಟ್ಟಿದ್ದ. ನನಗೆ ಬೇಡವಾಗಿ ಮಗಳಿಗೆ ಕೊಟ್ಟೆ. ಅವಳು ಅದಕ್ಕೇ ವಾಚು ಜೋಡಿಸಿದಳು. ಊರವರ ವಯಸ್ಸೆಲ್ಲ ಆಫೀಸಿನಲ್ಲಿ ಸರಿಯಾಗಿ ಬರೆಯುವವಳು ತನ್ನದನ್ನು ನೋಡಿರಲಿಲ್ಲ.

ಮೇಷ್ಟ್ರು ಜೋರಾಗಿ ನಕ್ಕರು. "ಹೃದಯ ಮಗಳದು, ವಯಸ್ಸು ಅಮ್ಮಂದು! ನಿಮ್ಮ ವಯಸ್ಸಿಗೆ ಅದು ಕೆಂಪೇ. ಅವರ ವಯಸ್ಸಿಗೆ ಮೂರನೇ ಝೋನು. ಏರಿನ ಕೊನೇಲಿ ಒಂಚೂರು ನಾಲ್ಕನೇದು, ಅಷ್ಟೆ."

ಆಮೇಲೆ ಅವರ ದನಿ ಬದಲಾಯಿತು. ಓಡಿದ ರಸ್ತೆಯ ಏರಿಳಿತ ತೋರಿಸುವ ಚಿತ್ರ ಕೆಳಗಿರುತ್ತದೆ, ಅದನ್ನು ಕಳಿಸಿಲ್ಲ, ಈಗ ಕಳಿಸಿ ಎಂದರು. ಮಗಳು ಸ್ಕ್ರೀನ್‌ಶಾಟ್ ತೆಗೆಯುವಾಗ ಮೇಲಿನದನ್ನಷ್ಟೇ ತೆಗೆದಿದ್ದಳು. ಏರು ಎಲ್ಲರ ಮನೆ ಮುಂದೆಯೂ ಇರುತ್ತದೆ, ಅದನ್ನೇನು ತೋರಿಸುವುದು ಎಂದುಕೊಂಡಿದ್ದಳಂತೆ. ಮೈಸೂರಿನವರಿಗೆ ಅದು ಹೇಗೆ ಗೊತ್ತಾಗಬೇಕು? ಕಳಿಸಿದಳು.

"ಹೂಂ. ಈಗ ಸರಿ ಹೋಯ್ತು. ಏಳು ನಿಮಿಷದ ನಾಲ್ಕೂ ಹತ್ತಿದ್ದು, ಆರರೊಳಗಿನ ನಾಲ್ಕೂ ಇಳಿದಿದ್ದು. ಹತ್ತುವಾಗ ವೇಗ ಬಿಟ್ಟಿದ್ದಾರೆ, ಇಳಿಯುವಾಗ ತಗೊಂಡಿದ್ದಾರೆ. ಬಡಿತದ ಗೆರೆ ಮಾತ್ರ ಹೆಚ್ಚುಕಮ್ಮಿ ಮಟ್ಟಸ. ನಾನು ಕೇಳಿದ್ದು ಇದನ್ನೇ."

"ಆ ಇನ್ನೊಬ್ಬಳು?" ಎಂದೆ. ಕೇಳದೆ ಇರಲು ನಾನೇನು ದೇವರೇ?

"ಅವರ ರಸ್ತೆ ಸಪಾಟು. ವೇಗ ಕಾಪಾಡಿಕೊಂಡಿದ್ದಾರೆ, ಅದೂ ಸುಲಭವಲ್ಲ. ಆದರೆ ಬಡಿತದ ಗೆರೆ ಕಿಲೋಮೀಟರಿಗೊಂದು ಮೆಟ್ಟಿಲು ಹತ್ತಿದೆ. ವಯಸ್ಸು ಸರಿಯಾಗೇ ಇದೆ, ಕೊನೆಯ ಎರಡು ನಿಜವಾದ ಕೆಂಪು. ಅದೇ ವೇಗವನ್ನು ಮಡಿಕೇರಿ ಏರಿನಲ್ಲಿ ಹಿಡಿದರೆ ಅರ್ಧಕ್ಕೆ ಕೂರಬೇಕು. ಒಂದು ದಿನದ ಚಿತ್ರ ನೋಡಿ ಎಲ್ಲ ಹೇಳೋಕಾಗಲ್ಲ. ಆದರೆ ಈ ಓಟಕ್ಕೆ ಏರು ಗೊತ್ತಿರೋರು ಬೇಕು. ಜಾಗ ನಿಮ್ಮ ಮಗಳಿಗೆ. ಅವರಿಗೆ ನಾನೇ ಫೋನ್ ಮಾಡಿ ಯಾಕೆ ಅಂತ ಹೇಳ್ತೀನಿ."

ಫೋನ್ ಇಟ್ಟ ಮೇಲೆ ಮಗಳು ಮೊದಲು ಆ್ಯಪಿನಲ್ಲಿ ವಯಸ್ಸು ತಿದ್ದಿದಳು.

"ಏರಲ್ಲಿ ಹೆಜ್ಜೆ ಸಣ್ಣ ಮಾಡೋದು ಯಾರು ಹೇಳಿಕೊಟ್ಟಿದ್ದು ನಿನಗೆ?" ಎಂದು ಕೇಳಿದೆ. ಮೇಷ್ಟ್ರು ಎನ್ನುತ್ತಾಳೆ ಎಂದುಕೊಂಡಿದ್ದೆ.

"ಸಣ್ಣವಳಿದ್ದಾಗ ನಿನ್ನ ಮೂಟೆ ಹಿಂದೆ ಎಷ್ಟು ವರ್ಷ ಹತ್ತಿಲ್ಲ? ನೀನು ಮುಂದೆ ಓಡೋಕೆ ಬಿಡ್ತಿದ್ಯಾ?"

ಸರಿ, ಊಟ ಮಾಡು ಎಂದೆ. ಹಂದಿ ಸಾರು ಎರಡು ಸಲ ಹಾಕಿಸಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಫೋನ್ ಎತ್ತಿಕೊಂಡು, ಖಾಲಿ ಕೊಡ ಸೊಂಟಕ್ಕಿಟ್ಟು ಲೈನಿನ ನಲ್ಲಿಗೆ ಹೋದೆ. ನಾಯಿ ಅಟ್ಟಿಸುತ್ತದೆ ಎಂದವಳು ಅಲ್ಲೇ ಇದ್ದಳು. ವಯಸ್ಸು ತಿದ್ದುವ ಮೊದಲು ಕಳಿಸಿದ್ದ ಚಿತ್ರ ತೆಗೆದು ಅವಳ ಮೂಗಿನ ಮುಂದೆ ಹಿಡಿದು, "ಕೆಂಪು ನೋಡ್ಬೇಡ, ಕೆಂಪು ನಂದು. ಈ ಗೆರೆ ನೋಡು, ಇದು ನನ್ನ ಮಗಳದು" ಎಂದೆ. ಎಲ್ಲರಿಗೂ ತೋರಿಸಿ ಮುಗಿಸಿ ಮನೆಗೆ ಬಂದ ಮೇಲೆ ನೋಡಿದರೆ ಕೊಡ ಖಾಲಿಯೇ ಇತ್ತು. ಮತ್ತೆ ಹೋದೆ.