ಮೂರನೇ ನಂಬರಿನ ಗ್ಯಾಸ್ಕೆಟ್

ಕುಕ್ಕರ್ ಗ್ಯಾಸ್ಕೆಟ್ ಎಂದರೆ ಜನ ನಗುತ್ತಾರೆ. ಮದುವೆ ಮನೆಯಲ್ಲಿ ಯಾರಾದರೂ ‘ಎಲ್ಲಿ ಕೆಲಸ?’ ಎಂದು ಕೇಳಿ, ನಾನು ‘ಪೀಣ್ಯದಲ್ಲಿ, ಕುಕ್ಕರಿನ ರಬ್ಬರ್ ಮಾಡುವ ಕಂಪನಿ’ ಎಂದಾಗ ಅವರ ಮುಖ ಸಪ್ಪಗಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಸಪ್ಪಗಾಗಲಿ. ಅವರ ಮನೆಯ ಬೇಳೆ ಬೇಯುತ್ತಿದ್ದದ್ದು ನಾನು ಪಾಸು ಮಾಡಿದ ರಬ್ಬರಿನಿಂದಲೇ. ನಾನು ಅಲ್ಲಿ ಗುಣಮಟ್ಟ ಪರೀಕ್ಷೆಯ ಸೂಪರ್‌ವೈಸರ್. ಕಣ್ಣು ಮುಚ್ಚಿಕೊಂಡು ಅಂಚು ಸವರಿದರೆ ಸಾಕು, ಒಳ್ಳೆಯದೋ ಕೆಟ್ಟದ್ದೋ ಹೇಳುತ್ತಿದ್ದೆ. ಇದನ್ನು ಜಂಬ ಎಂದುಕೊಳ್ಳುವವರು ಎಂದುಕೊಳ್ಳಲಿ.

ತುಮಕೂರು ರಸ್ತೆಯ ಮೇಲ್ಸೇತುವೆಗೆ ಕಂಬ ನಿಲ್ಲಿಸುತ್ತಿದ್ದ ಕಾಲ ಅದು. ಬಸ್ಸಿಳಿದು ಕಾರ್ಖಾನೆ ಸೇರುವಷ್ಟರಲ್ಲಿ ಹುಬ್ಬಿನ ಮೇಲೂ ಧೂಳು ಕೂತಿರುತ್ತಿತ್ತು. ಆ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಆಫೀಸಿಗೆ ದೂರುಗಳು ಬರತೊಡಗಿದವು. ‘ನಿಮ್ಮ ರಬ್ಬರ್ ಹಾಕಿ ತಿಂಗಳಾಗಿಲ್ಲ, ಕಲ್ಲಿನ ಹಾಗಾಗಿದೆ’, ‘ವಿಶಲ್ಲೇ ಬರಲ್ಲ, ಹಬೆಯೆಲ್ಲ ಪಕ್ಕದಿಂದ ಹೋಗುತ್ತೆ’. ಎಲ್ಲೋ ಒಂದೆರಡು ದೂರು ಯಾವಾಗಲೂ ಇದ್ದದ್ದೇ. ಇವು ದಿನವೂ ಬರುತ್ತಿದ್ದವು, ಅದೂ ಹೆಚ್ಚಾಗಿ ಪಕ್ಕದ ಲಗ್ಗೆರೆ ಕಡೆಯಿಂದ.

ಲಗ್ಗೆರೆಯಲ್ಲಿ ನಮ್ಮ ಹೆಸರು ನಿಂತಿದ್ದು ಒಬ್ಬ ಮನುಷ್ಯನಿಂದ. ಮುಖ್ಯರಸ್ತೆಯಲ್ಲಿ ಅವನದೊಂದು ಕುಕ್ಕರ್, ಸ್ಟವ್ ರಿಪೇರಿ ಅಂಗಡಿ. ಆ ಊರು ಇನ್ನೂ ಹೊಲವಾಗಿದ್ದ ದಿನಗಳಿಂದ ಇದ್ದ ಮನೆತನದವನು. ಬೇರೆ ಕಂಪನಿಯವರು ಎಷ್ಟು ಆಸೆ ತೋರಿಸಿದರೂ ಅವನ ಅಂಗಡಿಯ ಮೊಳೆಗೆ ನಮ್ಮ ಕೆಂಪು ಕವರಿನ ಗ್ಯಾಸ್ಕೆಟ್ ಒಂದನ್ನೇ ತೂಗುಹಾಕುತ್ತಿದ್ದ. ನಾವೆಲ್ಲ ಅವನನ್ನು ರಿಪೇರಿ ಅಣ್ಣ ಎನ್ನುತ್ತಿದ್ದೆವು.

ನಮ್ಮ ಸೇಲ್ಸ್ ಮ್ಯಾನೇಜರು ಗಿರಾಕಿಯ ವೇಷದಲ್ಲಿ ಯಾರನ್ನೋ ಕಳಿಸಿ, ಅದೇ ಅಂಗಡಿಯಿಂದ ಒಂದು ಡಜನ್ ಗ್ಯಾಸ್ಕೆಟ್ ಬಿಲ್ಲಿನ ಸಮೇತ ತರಿಸಿದರು. ತಂದು ನನ್ನ ಟೇಬಲ್ಲಿನ ಮೇಲೆ ಸುರಿದರು.

“ನೋಡಿ ಮೇಡಂ, ನಮ್ದಾ ಇದು?”

ಕವರ್ ನಮ್ಮದೇ ಥರ, ಅಕ್ಷರ ನಮ್ಮದೇ ಥರ. ಬಿಚ್ಚಿ ಮೂಸಿದೆ. ಹಳೇ ಟೈರಿನ ವಾಸನೆ. ರಬ್ಬರಿನ ಗಡಸುತನ ಅಳೆಯುವ ಗೇಜನ್ನು ಒತ್ತಿದರೆ ಮುಳ್ಳು ಎಲ್ಲಿಗೋ ಹೋಗಿ ನಿಂತಿತು. ಹಳೇ ರಬ್ಬರನ್ನು ಅರೆದು, ಸೀಮೆಸುಣ್ಣದ ಪುಡಿ ತುಂಬಿ ಮಾಡಿದ ಮಾಲು.

“ನಕಲಿ ಸಾರ್. ನೂರಕ್ಕೆ ನೂರು” ಎಂದೆ.

ಅಷ್ಟು ಸಾಕಾಗಿತ್ತು ಅವರಿಗೆ. ಸಂಜೆಯೊಳಗೆ ಪೊಲೀಸ್ ಕಂಪ್ಲೇಂಟು ಟೈಪಾಯಿತು. ಆರೋಪಿಯ ಜಾಗದಲ್ಲಿ ರಿಪೇರಿ ಅಣ್ಣನ ಹೆಸರು, ಅಂಗಡಿ ವಿಳಾಸ. ನಮ್ಮ ಯಜಮಾನರು ರಬ್ಬರ್ ಅಚ್ಚೊತ್ತುವ ಒಂದೇ ಒಂದು ಪ್ರೆಸ್ ಇಟ್ಟುಕೊಂಡು ಶುರುಮಾಡಿದ ಕಂಪನಿ ಅದು. ಮಾರನೆಯ ದಿನ ಬೆಳಿಗ್ಗೆ ಅವರು ಸಹಿ ಹಾಕಬೇಕಿತ್ತು. “ಅವ್ನೇ ಇಂಥ ಕೆಲ್ಸ ಮಾಡಿದ್ನಲ್ಲಮ್ಮ” ಎಂದು ಮಾತ್ರ ಅಂದರು. ಅವರಿಗೆ ಕೋಪಕ್ಕಿಂತ ನೋವಾಗಿತ್ತು.

ನನಗೆ ಸಮಾಧಾನವಾಗಲಿಲ್ಲ. ಹನ್ನೆರಡನ್ನೂ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟು ಮತ್ತೆ ನೋಡಿದೆ. ನಮ್ಮ ಅಚ್ಚಿನ ನಾಲ್ಕು ಕುಳಿಗಳಲ್ಲಿ ಒಂದು ಸಲಕ್ಕೆ ನಾಲ್ಕು ಗ್ಯಾಸ್ಕೆಟ್ ತಯಾರಾಗುತ್ತವೆ. ಯಾವ ಕುಳಿಯಿಂದ ಬಂದದ್ದೆಂದು ತಿಳಿಯಲು ಒಳಅಂಚಿನಲ್ಲಿ ಒಂದರಿಂದ ನಾಲ್ಕರವರೆಗೆ ಸಣ್ಣ ನಂಬರ್ ಮೂಡುವಂತೆ ಕೆತ್ತಿಸಿರುತ್ತೇವೆ. ಗಿರಾಕಿಗಳು ಅದನ್ನು ನೋಡುವುದೇ ಇಲ್ಲ. ಈ ಹನ್ನೆರಡರಲ್ಲೂ ಇದ್ದ ನಂಬರ್ ಮೂರು. ಬರೀ ಮೂರು. ನಕಲಿ ಮಾಡುವವನು ನಮ್ಮ ಒಂದೇ ಒಂದು ಗ್ಯಾಸ್ಕೆಟ್ ಇಟ್ಟುಕೊಂಡು ಅದರಂತೆ ಅಚ್ಚು ಮಾಡಿಸಿದ್ದ. ‘ದಡ್ಡ, ಸಿಕ್ಕಿಬಿದ್ದೆಯಲ್ಲ’ ಎಂದು ನಕ್ಕೆ.

ನಗು ಜಾಸ್ತಿ ಹೊತ್ತು ಉಳಿಯಲಿಲ್ಲ. ನಂಬರಿನ ಪಕ್ಕದಲ್ಲೇ ಕೂದಲೆಳೆಯಷ್ಟು ಸಣ್ಣ ಗೆರೆಯೊಂದಿತ್ತು. ಹನ್ನೆರಡರಲ್ಲೂ ಇತ್ತು. ಆ ಗೆರೆ ನನಗೆ ಚೆನ್ನಾಗಿ ಗೊತ್ತು. ಶ್ರಾವಣದಲ್ಲಿ ಯಾರದೋ ಕೈಯಿಂದ ಸ್ಪ್ಯಾನರ್ ಜಾರಿ ಮೂರನೇ ಕುಳಿಗೆ ಗೀರು ಬಿದ್ದಿತ್ತು. ಅಚ್ಚು ರಿಪೇರಿಯಾಗುವವರೆಗೆ, ನಾಲ್ಕೈದು ದಿನ, ಆ ಕುಳಿಯ ಮಾಲೆಲ್ಲವನ್ನೂ ನಾನೇ ರಿಜೆಕ್ಟ್ ಮಾಡಿದ್ದೆ. ಅದರಲ್ಲಿ ಒಂದೂ ಪ್ಯಾಕಿಂಗಿಗೆ ಹೋಗಿರಲಿಲ್ಲ. ಹಾಗಾದರೆ ಗೆರೆಯಿದ್ದ ಗ್ಯಾಸ್ಕೆಟ್ ಹೊರಗೆ ಹೋದದ್ದು ಒಂದೇ ದಾರಿಯಲ್ಲಿ, ನಮ್ಮ ಹಿಂದಿನ ಗೇಟಿನಿಂದ, ಗುಜರಿಯವನ ಆಟೋದಲ್ಲಿ. ರಿಪೇರಿ ಅಣ್ಣನಿಗೆ ಹೋಗುತ್ತಿದ್ದದ್ದು ಪ್ಯಾಕಾದ ಮಾಲು ಮಾತ್ರ, ಆ ಗೆರೆಯ ಗ್ಯಾಸ್ಕೆಟ್ ಅವನ ಕೈಗೆ ಸಿಗುವಂತಿರಲಿಲ್ಲ.

ಒಮ್ಮೆ ಬೆಂದ ರಬ್ಬರನ್ನು ಕರಗಿಸಿ ಮತ್ತೆ ಮಾಡಲು ಬರುವುದಿಲ್ಲ. ಅದಕ್ಕೇ ರಿಜೆಕ್ಟ್ ಮಾಲನ್ನು ಗುಜರಿಗೆ ತೂಕಕ್ಕೆ ಕೊಡುತ್ತಿದ್ದೆವು. ಆದರೆ ಕೊಡುವ ಮೊದಲು, ಯಾರೂ ಮತ್ತೆ ಬಳಸದ ಹಾಗೆ, ಒಂದೊಂದನ್ನೂ ಕತ್ತರಿಯಲ್ಲಿ ಎರಡು ತುಂಡು ಮಾಡಬೇಕು. ಶನಿವಾರ ಮಧ್ಯಾಹ್ನ ಹೆಂಗಸರೆಲ್ಲ ಸುತ್ತ ಕೂತು ಹರಟೆ ಹೊಡೆಯುತ್ತ ಅದನ್ನು ಮಾಡುತ್ತಿದ್ದರು. ಆ ಶ್ರಾವಣದಲ್ಲಿ ಹಬ್ಬದ ಆರ್ಡರಿನ ಒತ್ತಡ. ‘ಕತ್ತರಿಸೋದೆಲ್ಲ ಆಮೇಲೆ, ಈಗ ಹೊಸ ಮಾಲಿನ ಅಂಚು ಟ್ರಿಮ್ ಮಾಡಿ’ ಎಂದು ಅವರನ್ನು ಎಬ್ಬಿಸಿದವಳು ನಾನು. ಗೇಟ್ ಪಾಸಿನಲ್ಲಿ ‘ಕತ್ತರಿಸಿದ ಮಾಲು’ ಎಂದು ಬರೆದು ಸಹಿ ಹಾಕಿದವಳೂ ನಾನೇ. ಗುಜರಿಗೆ ಹೋಗುವುದನ್ನು ಯಾರು ನೋಡುತ್ತಾರೆ ಎಂಬ ಧೈರ್ಯ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಗೆರೆ ಕಾಣುವ ಕಣ್ಣು ಆ ಕಾರ್ಖಾನೆಯಲ್ಲಿ ನನ್ನದೊಂದೇ. ಆದರೆ ಬೆಳಿಗ್ಗೆ ಒಂದು ಸಹಿ ಬಿದ್ದರೆ ರಿಪೇರಿ ಅಣ್ಣ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಬೇಕಾಗುತ್ತಿತ್ತು. ಲಗ್ಗೆರೆಯಂಥ ಊರಲ್ಲಿ ಪೊಲೀಸ್ ಜೀಪು ಒಮ್ಮೆ ಅಂಗಡಿ ಮುಂದೆ ನಿಂತರೆ ಮುಗಿಯಿತು, ಆಮೇಲೆ ಕೋರ್ಟೇ ಬಂದು ನಿರಪರಾಧಿ ಎಂದರೂ ಯಾರೂ ಕುಕ್ಕರ್ ತರುವುದಿಲ್ಲ.

ಬೆಳಿಗ್ಗೆ ಯಜಮಾನರು ಬರುವ ಮೊದಲೇ ಹೋಗಿ ಅವರ ಕೋಣೆಯ ಬಾಗಿಲಲ್ಲಿ ನಿಂತೆ. ಬಂದ ಕೂಡಲೇ ಗ್ಯಾಸ್ಕೆಟ್ಟುಗಳನ್ನೂ ಗೇಟ್ ಪಾಸಿನ ಪ್ರತಿಯನ್ನೂ ಅವರ ಮುಂದಿಟ್ಟು ಎಲ್ಲ ಹೇಳಿದೆ. ಸೇಲ್ಸ್ ಮ್ಯಾನೇಜರು ಅಲ್ಲೇ ಇದ್ದರು.

“ಆದ್ರೂ ಮಾರಿದ್ದು ಅವ್ನೇ ಅಲ್ವಾ ಮೇಡಂ?” ಎಂದರು.

“ಅವ್ನಿಗೆ ಮೋಸ ಆಗಿದೆಯಾ, ಅವ್ನೇ ಮೋಸ ಮಾಡಿದ್ನಾ ಅಂತ ಒಂದ್ಸಲ ಕೇಳಿದೀರಾ ಸಾರ್? ಆಳು ಕಳ್ಸಿ ಕೊಂಡ್ಕೊಂಡ್ ಬಂದ್ರಿ, ಅಷ್ಟೇ” ಎಂದೆ. ತಪ್ಪು ನನ್ನದಾದರೂ ಬಾಯಿ ಮಾತ್ರ ಜೋರು.

ಯಜಮಾನರು ಬೈದರು. ಹಾಗೆ ಬೈಸಿಕೊಂಡದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಬೈದು ಮುಗಿಸಿ, ಟೈಪಾಗಿದ್ದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ, “ನಡಿಯಮ್ಮ, ನೀನೇ ಹೋಗಿ ಅವ್ನತ್ರ ಮಾತಾಡು” ಎಂದರು.

ರಿಪೇರಿ ಅಣ್ಣ ಒಂದು ಸ್ಟವ್ವಿನ ಬರ್ನರ್ ಉಜ್ಜುತ್ತಿದ್ದ. ಅಂಗಡಿ ಮುಂದೆ ಬೇರೆ ಯಾರೂ ಇರಲಿಲ್ಲ. ನನ್ನನ್ನು ಕಂಡರೂ ಏಳಲಿಲ್ಲ.

“ಬನ್ನಿ ಮೇಡಂ. ನಿಮ್ ಕಂಪ್ನಿ ದೆಸೆಯಿಂದ ನಮ್ ಬೀದೀಲೇ ನನ್ ಮಾನ ಓಯ್ತು” ಎಂದ. “ಎದುರು ಸಾಲಿನ ಅಕ್ಕ ಅವ್ರೆ ನೋಡಿ, ಅವ್ರ ಕೈಮೇಲೆ ಅಬೆ ಬಡ್ದು ಬೊಬ್ಬೆ ಎದ್ದೈತೆ. ಇಪ್ಪತ್ ವರ್ಸದ ಗಿರಾಕಿ. ಈಗ ನನ್ ಅಂಗಡಿ ಮುಂದೆ ಬಂದ್ರೆ ಮಖ ತಿರುಗಿಸ್ಕೊಂಡು ಓಯ್ತಾರೆ.”

“ಎಲ್ಲಿಂದ ತಗೊಂಡ್ರಿ ಅಣ್ಣ ಆ ಮಾಲು?”

“ವ್ಯಾನಲ್ಲಿ ಬಂದವ್ನು ಕಂಪ್ನಿ ಸ್ಕೀಮು ಅಂದ. ಅದೇ ಕೆಂಪು ಕವರು, ಅದೇ ಎಸ್ರು. ನಂಗೇನ್ ಗೊತ್ತು? ನಿಮ್ ಎಸ್ರು ನಂಬ್ಕೊಂಡೆ, ಅದೇ ನನ್ ತಪ್ಪು.”

ಅವನಿಗೆ ಎಲ್ಲ ಹೇಳಿದೆ. ಅವನು ಬರ್ನರ್ ಕೆಳಗಿಟ್ಟು ಕೇಳಿಸಿಕೊಂಡ. ಆಮೇಲೆ ವ್ಯಾನಿನ ನಂಬರ್ ಬರೆದಿಟ್ಟಿದ್ದ ಚೀಟಿಯನ್ನು ಡ್ರಾಯರಿನಿಂದ ತೆಗೆದುಕೊಟ್ಟ. ಆ ಜಾಡು ಹಿಡಿದು ಹೋದಾಗ ತುಮಕೂರು ರಸ್ತೆಯ ಮಾಕಳಿಯ ಒಳಗಡೆ ಶೀಟು ಹೊದಿಸಿದ ಒಂದು ಶೆಡ್ ಸಿಕ್ಕಿತು. ಜಪ್ತಿಗೆ ಮೊದಲು ಕಾನೂನು ಕೇಳುವ ಟ್ರೇಡ್‌ಮಾರ್ಕ್ ಕಚೇರಿಯ ಅಭಿಪ್ರಾಯವನ್ನು ವಕೀಲರು ತರಿಸುವವರೆಗೆ ಪೊಲೀಸರು ಒಳಗೆ ಕಾಲಿಡಲಿಲ್ಲ, ನಾವು ಹಲ್ಲು ಕಚ್ಚಿಕೊಂಡು ಕಾದೆವು. ಕೊನೆಗೆ ಮಹಜರು ಮಾಡಿ ಅಚ್ಚು, ಕವರುಗಳ ಕಟ್ಟು, ಮೂಟೆಗಟ್ಟಲೆ ಮಾಲು ಜಪ್ತಿ ಮಾಡಿದರು. ಅಚ್ಚಿನಲ್ಲಿ ಆ ಗೆರೆ ಹಾಗೇ ಇತ್ತು.

ಶೆಡ್ ಮುಚ್ಚಿದರೆ ನಕಲಿ ನಿಲ್ಲಬಹುದು. ಮನೆಮನೆಯ ಕುಕ್ಕರಿನಲ್ಲಿ ಆಗಲೇ ಕೂತಿದ್ದ ನಕಲಿಯನ್ನು ಏನು ಮಾಡುವುದು? ಸೇಲ್ಸ್ ಮ್ಯಾನೇಜರು ‘ನಕಲಿಗಳಿಂದ ಎಚ್ಚರ’ ಎಂದು ಪೇಪರಿನಲ್ಲಿ ಹಾಕಿಸೋಣ ಎಂದರು. “ಎಚ್ಚರ ಅಂತ ಗಿರಾಕಿಗೆ ಯಾಕೆ ಹೇಳ್ತೀರ? ಎಚ್ಚರ ಇಲ್ದೆ ಇದ್ದಿದ್ದು ನಾವು” ಎಂದೆ. ಯಜಮಾನರು ಒಪ್ಪಿದರು. ನಮ್ಮ ಹೆಸರಿರುವ ಯಾವ ಗ್ಯಾಸ್ಕೆಟ್ ತಂದರೂ ಬಿಲ್ಲು ಕೇಳಬಾರದು, ಅಸಲಿಯೋ ನಕಲಿಯೋ ಎಂದು ವಾದ ಮಾಡಬಾರದು, ಹೊಸದು ಕೊಡಬೇಕು. ಅದನ್ನು ಮೊದಲು ಶುರುಮಾಡಬೇಕಾದದ್ದು ರಿಪೇರಿ ಅಣ್ಣನ ಅಂಗಡಿಯಲ್ಲೇ ಎಂದು ನಾನು ಹಟ ಹಿಡಿದೆ.

ಭಾನುವಾರ ಬೆಳಿಗ್ಗೆ ಗೇಜು, ಒಂದು ಪೆಟ್ಟಿಗೆ ಹೊಸ ಗ್ಯಾಸ್ಕೆಟ್ ಹಿಡಿದು ಅವನ ಅಂಗಡಿ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ‘ಹಳೇ ಗ್ಯಾಸ್ಕೆಟ್ ತನ್ನಿ, ಹೊಸದು ತಗೊಂಡು ಹೋಗಿ’ ಎಂದು ಬರೆಸಿ ನಿಲ್ಲಿಸಿದ್ದ ಬೋರ್ಡನ್ನು ಜನ ನೋಡುತ್ತಿದ್ದರು, ಹತ್ತಿರ ಬರುತ್ತಿರಲಿಲ್ಲ. ಹನ್ನೊಂದಾದರೂ ಒಬ್ಬರಿಲ್ಲ. ರಿಪೇರಿ ಅಣ್ಣ ಟೀ ತರಿಸಿಕೊಟ್ಟ.

“ಇಂಗೆ ಕೂತ್ರೆ ಆಗಾಕಿಲ್ಲ ಮೇಡಂ. ನನಗ್ ಯೋಳಿದ್ರಲ್ಲ, ಅದನ್ನ ಆ ಅಕ್ಕನ ಮುಂದೆ ಯೋಳಿ.”

ಎದ್ದು ಎದುರು ಸಾಲಿಗೆ ಹೋದೆ. ಅವನು ನಾಲ್ಕು ಹೆಜ್ಜೆ ಹಿಂದೆ ಬಂದ. ಆಕೆ ಹೊಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಣಿಕಟ್ಟಿನ ಮೇಲೆ ಗುಲಾಬಿ ಬಣ್ಣದ ಕಲೆ ಇನ್ನೂ ಮಾಸಿರಲಿಲ್ಲ. ಅಕ್ಕಪಕ್ಕದ ಮನೆಯವರೂ ಬಾಗಿಲಿಗೆ ಬಂದರು. ಒಳ್ಳೆಯದೇ ಆಯಿತು ಎಂದುಕೊಂಡೆ.

“ಅಕ್ಕ, ನಾನು ಗ್ಯಾಸ್ಕೆಟ್ ಕಂಪ್ನಿಯವ್ಳು. ನಿಮ್ಮ ಕೈ ಸುಟ್ಟಿದ್ದು ನಕಲಿ ಮಾಲು. ಆ ನಕಲಿಗೆ ದಾರಿ ಮಾಡ್ಕೊಟ್ಟಿದ್ದು ನಾನು. ಕತ್ತರಿಸ್ಬೇಕಾಗಿದ್ದ ಮಾಲನ್ನ ಹಂಗೇ ಗುಜರಿಗೆ ಬಿಟ್ಟೆ. ಈ ಅಣ್ಣಂದು ಇದ್ರಲ್ಲಿ ಏನೂ ಇಲ್ಲ. ಇವ್ರಿಗೂ ಮೋಸ ಆಗಿದೆ.”

ಆಕೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ಓದಿರೋರೇ ಇಂಗ್ ಮಾಡಿದ್ರೆ ಎಂಗಮ್ಮ?” ಎಂದಳು. ಕ್ಷಮಿಸಿ ಎಂದೆ, ಪೆಟ್ಟಿಗೆಯಿಂದ ಹೊಸ ಗ್ಯಾಸ್ಕೆಟ್ ತೆಗೆದು ಮುಂದೆ ಹಿಡಿದೆ.

ಆಕೆ ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಕಾಯಿ ಮೊರ ಬದಿಗಿಟ್ಟು ಒಳಗೆ ಹೋಗಿ ಕುಕ್ಕರ್ ತಂದಳು. ನನ್ನನ್ನು ದಾಟಿಕೊಂಡು ಹೋಗಿ ಅದನ್ನು ರಿಪೇರಿ ಅಣ್ಣನ ಕೈಗೆ ಕೊಟ್ಟಳು.

“ಆಯಮ್ಮನ ಕೈಲಿರೋದ್ನ ನೀನು ಇಸ್ಕೊಂಡು, ನೋಡಿ ಆಕ್ಕೊಡಣ್ಣ. ನೀನು ಸರಿಯಾಗೈತೆ ಅಂದ್ರೆ ನಂಗೆ ಸಾಕು.”

ರಿಪೇರಿ ಅಣ್ಣ ನನ್ನ ಕಡೆ ಕೈ ಚಾಚಿದ. ನಾನು ಗ್ಯಾಸ್ಕೆಟ್ ಕೊಟ್ಟೆ. ನಾನು ಪಾಸು ಮಾಡಿದ ಮಾಲನ್ನು ಅವನು ಬೆಳಕಿಗೆ ಹಿಡಿದು, ಎಳೆದು, ಮೂಸಿ, ಒಳಅಂಚನ್ನೆಲ್ಲ ಬೆರಳಲ್ಲಿ ಸವರಿ, ಬೇಕಾದಷ್ಟು ಹೊತ್ತು ತೆಗೆದುಕೊಂಡು ಪರೀಕ್ಷೆ ಮಾಡಿದ. ಇಡೀ ಬೀದಿ ಕಾಯುತ್ತಿತ್ತು. ನಾನೂ ಕಾಯುತ್ತ ನಿಂತಿದ್ದೆ.