ಕೂದಲ ಬುಡದ ಸೀರು

ಮೇಕೆಯಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಅವಳ ಹದಿಮೂರು ಮೇಕೆಗಳಿಗೂ ಹೇನು ಹತ್ತಿ, ಅವು ಕೊಟ್ಟಿಗೆಯ ಕಂಬಕ್ಕೆ ಮೈ ಉಜ್ಜಿ ಉಜ್ಜಿ ಕೂದಲು ಉದುರಿಸಿಕೊಂಡವು. ಪಶುವೈದ್ಯರು ಕೊಟ್ಟ ಔಷಧಿಯನ್ನು ಅವರು ಹೇಳಿದ ಅಳತೆಯಲ್ಲೇ ನೀರಿಗೆ ಬೆರೆಸಿ, ಒಂದನ್ನೂ ಬಿಡದೆ ಮೈ ತೊಳೆದಳು. ನಾಲ್ಕು ದಿನದಲ್ಲಿ ಕೆರೆತ ನಿಂತಿತು. ಹದಿನಾಲ್ಕನೇ ದಿನ ಇನ್ನೊಮ್ಮೆ ತೊಳೆಯಬೇಕು ಅಂದಿದ್ದರು ವೈದ್ಯರು. "ಸತ್ತ ಹೇನಿಗೆ ಮತ್ತೆ ಔಷಧಿಯಾ? ನನಗೇನು ತಲೆ ಕೆಟ್ಟಿದೆಯಾ?" ಎಂದು ಉಳಿದ ಬಾಟಲಿಯನ್ನು ಅಟ್ಟಕ್ಕೇರಿಸಿದಳು.

ಎರಡು ತಿಂಗಳಲ್ಲಿ ಕಂಬ ಮತ್ತೆ ಅಲುಗಾಡತೊಡಗಿತು. "ನಿಮ್ಮ ಔಷಧಿ ಬರೀ ನೀರು!" ಎಂದು ವೈದ್ಯರನ್ನು ತರಾಟೆಗೆ ತೆಗೆದುಕೊಂಡಳು. ಅವರು ಒಂದು ಮೇಕೆಯ ಕತ್ತಿನ ಕೂದಲು ಬಿಡಿಸಿ ತೋರಿಸಿದರು. ಬುಡದಲ್ಲಿ ಸೀರು ಬೆಳ್ಳಗೆ ಅಂಟಿತ್ತು.

"ಔಷಧಿಗೆ ಹೇನು ಸಾಯುತ್ತೆ ಕಣಮ್ಮಾ, ಮೊಟ್ಟೆ ಸಾಯಲ್ಲ. ಅದು ಒಡೆದು ಬಂದ ಮರಿಗಳು ತಾವೇ ಮೊಟ್ಟೆ ಇಡೋ ಮುಂಚೆ ಇನ್ನೊಂದು ಸಲ ತೊಳೀಬೇಕು. ಅದಕ್ಕೇ ಹದಿನಾಲ್ಕು ದಿನ ಅಂದಿದ್ದು."

ಮೇಕೆಯಮ್ಮ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಮೂವರು ಹೆಣ್ಣುಮಕ್ಕಳನ್ನು ಮುಂದೆ ಕೂರಿಸಿಕೊಂಡು, ಹತ್ತು ವರ್ಷ ಅವರ ತಲೆಯಿಂದ ಸೀರು ಹೆಕ್ಕಿದ್ದು ಇದೇ ಬೆರಳುಗಳು.