ಅಜ್ಜಂಪುರದ ಸಾಲಿನಲ್ಲಿದ್ದ ನನ್ನ ನಂಬರು

ಪ್ರತಿ ತಿಂಗಳ ಎರಡನೇ ವಾರ ನಮ್ಮ ಡಾಕ್ಟರ ಕೈಗೆ ಒಂದು ಹಾಳೆಯ ರಿಪೋರ್ಟ್ ಬರುತ್ತದೆ. ಅವರಿಗೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಸಣ್ಣ ಕ್ಲಿನಿಕ್ಕುಗಳಿವೆ. ಮೂರಕ್ಕೂ ಮೊಬೈಲಿನ ಮ್ಯಾಪಿನಲ್ಲಿ ಒಂದೊಂದು ಪುಟ ಇದೆ. ಆ ಪುಟ ನೋಡಿದವರಲ್ಲಿ ಎಷ್ಟು ಜನ ಫೋನಿನ ಬಟನ್ ಒತ್ತಿದರು, ಎಷ್ಟು ಜನ ದಾರಿ ಕೇಳಿದರು, ಎಷ್ಟು ಜನ ಅಲ್ಲಿಂದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು ಎಂಬುದು ಊರಿಗೊಂದು ಸಾಲಿನಂತೆ ಅದರಲ್ಲಿರುತ್ತದೆ. ಕಡೂರಿನಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿರುವ ಒಬ್ಬ ಹೆಣ್ಣುಮಗಳು ಅದನ್ನು ಸಿದ್ಧಮಾಡುತ್ತಾಳೆ. ತಿಂಗಳ ಕೊನೆಯ ದಿನಗಳ ಲೆಕ್ಕ ಮ್ಯಾಪಿನಲ್ಲಿ ತಡವಾಗಿ ಬರುವುದರಿಂದ ಎರಡನೇ ವಾರದವರೆಗೆ ಕಾಯುತ್ತಾಳೆ.

ಆ ಹಾಳೆಯ ಕಾರಣಕ್ಕೆ ಒಬ್ಬ ಹೆಂಗಸಿನ ಕೆಲಸ ಹೋಯಿತು. ತಪ್ಪು ನನ್ನದು. ಎಸ್ಸೆಸ್ಸೆಲ್ಸಿ ಓದಿದವನು ನಾನು, ಬರೆಯುವ ಅಭ್ಯಾಸವಿಲ್ಲ. ಆದರೂ ಇದನ್ನು ಬರೆದಿಡಬೇಕು.

ಡಾಕ್ಟರ ತಂದೆಯ ಕಾಲದಲ್ಲೇ ನಾನು ಕಾಂಪೌಂಡರ್ ಆಗಿ ಸೇರಿದವನು. ಅಜ್ಜಂಪುರದ ಕ್ಲಿನಿಕ್ಕಿನ ಕೌಂಟರಿನಲ್ಲಿ ಬಹಳ ವರ್ಷ ಕೂತಿದ್ದೆ. ಮ್ಯಾಪಿನಲ್ಲಿ ಪುಟ ಮಾಡುವಾಗ ಮೊಬೈಲಿಗೆ ಒಂದು ಕೋಡ್ ಬರಬೇಕೆಂದರು. ಕೌಂಟರಿನಲ್ಲಿದ್ದದ್ದು ಲ್ಯಾಂಡ್‌ಲೈನು, ಅದಕ್ಕೆ ಮೆಸೇಜ್ ಬರುವುದಿಲ್ಲ. ನನ್ನ ಮೊಬೈಲ್ ನಂಬರನ್ನೇ ಕೊಟ್ಟೆವು. ಪುಟ ನನ್ನ ಫೋನಿನಲ್ಲೇ ತೆರೆಯಿತು, ಕರೆಗಳೂ ನನಗೇ ಬರುತ್ತಿದ್ದವು. ಹೇಗೂ ಕೌಂಟರಿನಲ್ಲಿ ಕೂರುವವನು ನಾನೇ, ಎತ್ತುತ್ತಿದ್ದೆ. ಹೀಗಾಗಿ ಯಾರಿಗೂ ಅದರ ನೆನಪು ಉಳಿಯಲಿಲ್ಲ.

ನನ್ನ ಕಣ್ಣು ಮಂಜಾದ ಮೇಲೆ ಡಾಕ್ಟರು ಕೌಂಟರಿಗೆ ಊರಿನದೇ ಒಂದು ಮನೆಯ ಸೊಸೆಯನ್ನು ಕೆಲಸಕ್ಕೆ ತಂದರು. ಅವಳಿಗೆ ಬೆನ್ನಿನ ಆಪರೇಷನ್ ಆಗಿತ್ತು. ಬಗ್ಗಿ ಕಳೆ ಕೀಳುವುದಕ್ಕಾಗಲಿ, ನೆಲದ ಮೇಲೆ ಕೂತು ಅಡಿಕೆ ಸುಲಿಯುವುದಕ್ಕಾಗಲಿ ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ನಮ್ಮಂಥ ಊರಿನಲ್ಲಿ ಎಷ್ಟಿದ್ದೀತು? ಅವಳು ಆ ಕುರ್ಚಿಯನ್ನು ದಿನಾ ಒರೆಸಿ ಕೂರುತ್ತಿದ್ದಳು. ಫೋನ್ ಮಾಡಿದವರನ್ನೆಲ್ಲ "ನಂಬರ್ ಎಲ್ಲಿ ಸಿಕ್ತು?" ಎಂದು ಕೇಳಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದಳು. ನನಗೆ ರಕ್ತದ ಸ್ಯಾಂಪಲ್ ಡಬ್ಬಿಯನ್ನು ರೈಲಿನಲ್ಲಿ ಕಡೂರಿನ ಲ್ಯಾಬಿಗೆ ಮುಟ್ಟಿಸುವ ಕೆಲಸ ಬಂತು.

ಅದೇ ಸುಮಾರಿಗೆ ತರೀಕೆರೆಯ ನನ್ನ ಭಾವಮೈದ ಫೋನಿನ ಮೋಸಕ್ಕೆ ಸಿಕ್ಕಿಬಿದ್ದ. ಪೊಲೀಸರು ಅಂದರಂತೆ, ಪಾರ್ಸೆಲ್ ಅಂದರಂತೆ, ಒಂದು ಹಗಲೆಲ್ಲ ಅವನನ್ನು ರೂಮಿನಿಂದ ಏಳಗೊಡಲಿಲ್ಲವಂತೆ. ನನ್ನ ಅಳಿಯ ಹೆದರಿ ನನ್ನ ಫೋನಿನಲ್ಲಿ ಏನೋ ಒತ್ತಿಕೊಟ್ಟ. ಗುರುತಿಲ್ಲದ ನಂಬರಿನಿಂದ ಬಂದರೆ ಸದ್ದೇ ಆಗದು, ಬರೀ ಬೆಳಕು ಬಂದು ಹೋಗುತ್ತದೆ. ಸಂಜೆ ನೋಡಿದರೆ ಐದೋ ಆರೋ ನಂಬರು ಸಾಲಾಗಿ ನಿಂತಿರುತ್ತಿದ್ದವು.

"ಇವತ್ತು ಆರು ಜನ ಕಳ್ಳರು ಫೋನ್ ಮಾಡಿದ್ರು ಕಣವ್ವ. ಒಬ್ಬನಿಗೂ ಸಿಕ್ಲಿಲ್ಲ ನಾನು," ಎಂದು ಕೌಂಟರಿನ ಮುಂದೆ ನಿಂತು ಕೊಚ್ಚಿಕೊಳ್ಳುತ್ತಿದ್ದೆ.

"ನಿಮ್ಮತ್ರ ಏನೈತೆ ಅಂತ ಮಾಡ್ತಾರಜ್ಜ? ಪಾಪ, ಅವರಿಗೂ ಬೇರೆ ಗಿರಾಕಿ ಇಲ್ಲ ಅನ್ಸುತ್ತೆ," ಎಂದು ನಗುತ್ತಿದ್ದಳು.

ಆಗ ಡಾಕ್ಟರು ರಿಪೋರ್ಟಿನ ಅಂಕಿಗಳ ಪಕ್ಕದಲ್ಲಿ ಕೌಂಟರಿನ ರಿಜಿಸ್ಟರಿನ ಅಂಕಿಗಳನ್ನೂ ಬರೆಯಲು ಹೇಳಿದರು. ಕಡೂರು, ತರೀಕೆರೆಯ ಸಾಲುಗಳು ಹೆಚ್ಚುಕಡಿಮೆ ತಾಳೆಯಾದವು. ಅಜ್ಜಂಪುರದಲ್ಲಿ ದಾರಿ ಕೇಳಿದವರು ಬಹಳ, ಅಪಾಯಿಂಟ್‌ಮೆಂಟೂ ಚೆನ್ನಾಗಿಯೇ ಇತ್ತು. ಫೋನಿನ ಬಟನ್ ಒತ್ತಿದವರು ಮಾತ್ರ ಎರಡು ತಿಂಗಳೂ ನೂರರ ಮೇಲೆ. ರಿಜಿಸ್ಟರಿನಲ್ಲಿ ಮ್ಯಾಪ್ ನೋಡಿ ಕರೆದವರು ಎಂದು ಇದ್ದದ್ದು ನಾಲ್ಕೈದು ಜನ, ಅವರೂ ನೆನಪು ತಪ್ಪಿ ಹಾಗೆ ಹೇಳಿರಬೇಕು.

"ಸಾರ್, ಫೋನ್ ಬಂದೇ ಇಲ್ಲ," ಎಂದಳು ಅವಳು.

"ಬರದೆ ಎಲ್ಲಿಗಮ್ಮ ಹೋಯ್ತು?" ಎಂದರು ಡಾಕ್ಟರು. ಇನ್ನೊಂದು ತಿಂಗಳು ನೋಡುತ್ತೇನೆ ಎಂದು ಎಚ್ಚರಿಕೆ ಕೊಟ್ಟರು. ಆವತ್ತು ನನಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವಳಿಗೆ ತೂಕಡಿಕೆ ಬರುತ್ತದೇನೋ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಮೂರನೇ ರಿಪೋರ್ಟ್ ಬರುವ ಹಿಂದಿನ ದಿನ ರೈಲಿನಲ್ಲಿ ನನ್ನೆದುರು ಶಿವನಿಯಲ್ಲಿ ಹತ್ತಿದ್ದ ಒಬ್ಬ ರೈತ ಕೂತಿದ್ದ. ನನ್ನ ಡಬ್ಬಿಯ ಮೇಲಿನ ಕ್ಲಿನಿಕ್ಕಿನ ಹೆಸರು ಓದಿ ಮಾತಿಗೆಳೆದ.

"ನೀವು ಆ ಕ್ಲಿನಿಕ್‌ನೋರಾ? ಏನ್ ಜನ ಕಣ್ರೀ ನೀವು. ನಮ್ಮಮ್ಮಂಗೆ ಹುಷಾರಿಲ್ಲ, ಡಾಕ್ಟ್ರು ಅವ್ರಾ ಅಂತ ಕೇಳಾಕೆ ಮೂರ್ ದಿನದಿಂದ ಫೋನ್ ಮಾಡ್ತಾ ಇದೀನಿ. ಎತ್ತಂಗೇ ಇಲ್ಲ. ಕೊನಿಗೆ ಬೀರೂರಿಗೆ ಕರ್ಕೊಂಡೋದೆ."

"ಎತ್ತುತಾರಲ್ಲಪ್ಪ," ಎಂದೆ.

"ಎತ್ತುತಾರಾ? ನೋಡ್ರಿ ಮತ್ತೆ," ಎಂದವನೇ ಮ್ಯಾಪ್ ತೆಗೆದು ನಮ್ಮ ಪುಟದ ಫೋನಿನ ಬಟನ್ ಒತ್ತಿ ನನ್ನ ಮುಖದ ಮುಂದೆ ಹಿಡಿದ.

ನನ್ನ ಅಂಗಿಯ ಜೇಬಿನಲ್ಲಿ ಬೆಳಕು ಬಂತು. ಬಿಳಿ ಬಟ್ಟೆ, ಒಳಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಅವನ ಕಣ್ಣು ಅವನ ಫೋನಿನ ಮೇಲಿತ್ತು. ನಾನು ಜೇಬಿನ ಮೇಲೆ ಅಂಗೈ ಇಟ್ಟುಕೊಂಡೆ.

"ಕೇಳಿಸ್ಕೊಂಡ್ರಾ? ಬರೀ ಟ್ರಿಣ್ ಟ್ರಿಣ್ ಅನ್ನುತ್ತೆ," ಎಂದ ಅವನು. ಅವನು ಬೀರೂರಿನಲ್ಲಿ ಇಳಿಯುವವರೆಗೂ ನಾನು ಕೈ ತೆಗೆಯಲಿಲ್ಲ.

ಮಾರನೆಯ ದಿನ ಕಡೂರಿನ ಕ್ಲಿನಿಕ್ಕಿನಲ್ಲಿ ಎಲ್ಲರೂ ಸೇರಿದೆವು. ಹೇಳಿಬಿಡಬೇಕು ಎಂದೇ ಹೋಗಿದ್ದೆ. ಆದರೆ ಹಾಳೆ ನೋಡುತ್ತಿದ್ದಂತೆ ಡಾಕ್ಟರ ಮುಖ ಕೆಂಪಾಯಿತು. ರಿಪೋರ್ಟ್ ಮಾಡಿದವಳು ನ್ಯಾಯವಾಗಿಯೇ ಹೇಳಿದಳು: "ಸಾರ್, ಇದು ಬಟನ್ ಒತ್ತಿದ ಲೆಕ್ಕ ಅಷ್ಟೆ. ಕರೆ ಸೇರ್ತೋ, ಯಾರಾದ್ರೂ ಎತ್ತಿದ್ರೋ ಅನ್ನೋದು ಇದ್ರಲ್ಲಿ ಗೊತ್ತಾಗಲ್ಲ. ಕೆಲವರು ಒತ್ತಿ ಕಟ್ ಮಾಡಿರ್ತಾರೆ."

"ನೂರು ಜನಾನೂ ಕಟ್ ಮಾಡ್ತಾರೇನಮ್ಮ? ದಾರಿ ಕೇಳಿದೋರು ಬರ್ತಾರೆ, ಬುಕ್ ಮಾಡಿದೋರು ಬರ್ತಾರೆ, ಫೋನ್ ಮಾಡಿದೋರು ಮಾತ್ರ ಬರಲ್ಲ ಅಂದ್ರೆ?"

ರಿಪೋರ್ಟಿನವಳು ನನ್ನ ಕಡೆ ತಿರುಗಿದಳು. "ಅಜ್ಜ, ಅಜ್ಜಂಪುರದ ಪುಟ ಮಾಡ್ಸಿದ್ದು ನೀವಲ್ವಾ? ಅದ್ರಲ್ಲಿರೋ ನಂಬರ್ ಕೌಂಟರಿಂದೇ ತಾನೆ?"

ಹಿಂದಿನ ವಾರವಷ್ಟೇ ಡಾಕ್ಟರು ನನಗೆ, "ಯಜಮಾನ್ರೇ, ಸಾಕು ಓಡಾಡಿದ್ದು, ಇನ್ನು ಮನೇಲಿರಿ," ಎಂದಿದ್ದರು. ನಾನು ಆಗೋದಿಲ್ಲ ಎಂದು ಹಟ ಮಾಡಿದ್ದೆ. ಅದು ನೆನಪಾಯಿತು. ಕೌಂಟರಿನವಳು ನನ್ನನ್ನೇ ನೋಡುತ್ತಿದ್ದಳು. ನಾನು ಹೇಳುವುದರ ಮೇಲೆ ತನ್ನ ಕುರ್ಚಿ ನಿಂತಿದೆ ಎಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

"ಹೂಂ, ಕೌಂಟರಿಂದೇ," ಎಂದೆ.

ತಿಂಗಳ ಕೊನೆಗೆ ಅವಳನ್ನು ಬಿಡಿಸಿದರು.

ಆ ವಾರವೇ ನಾನು ಮನೆಯಲ್ಲಿ ಕೂತು, ಭೂತಗನ್ನಡಿ ಹಿಡಿದು, ಪುಟದಲ್ಲಿ ನನ್ನ ನಂಬರನ್ನು ಅಳಿಸಿ ಲ್ಯಾಂಡ್‌ಲೈನ್ ನಂಬರ್ ಹಾಕಿದೆ. ಪರಿಶೀಲನೆಯಲ್ಲಿದೆ ಎಂದು ಬಂತು, ಒಂದೆರಡು ದಿನ ಬಿಟ್ಟು ಬದಲಾಯಿತು. ಇನ್ನು ಮುಂದೆ ಯಾರಿಗೂ ತೊಂದರೆಯಾಗದಿರಲಿ ಎಂದು ಮಾಡಿದ್ದು. ಅದರಿಂದ ಏನಾಗುತ್ತದೆ ಎಂದು ನಾನು ಯೋಚಿಸಲಿಲ್ಲ.

ಹೊಸ ಹುಡುಗಿ ಕೂತ ಮೊದಲ ತಿಂಗಳ ರಿಪೋರ್ಟಿನಲ್ಲಿ ಬಟನ್ ಒತ್ತಿದವರು ಹಿಂದಿನಷ್ಟೇ ಇದ್ದರು. ರಿಜಿಸ್ಟರ್ ಮಾತ್ರ ತುಂಬಿಹೋಗಿತ್ತು. ಡಾಕ್ಟರು ಹಾಳೆಯನ್ನು ಮೇಜಿನ ಮೇಲೆ ಹರವಿ, "ನೋಡಿದ್ರಾ? ಮ್ಯಾಪು ಅದೇ, ಫೋನು ಅದೇ. ಕೂತೋರು ಬದಲಾದ್ರು ಅಷ್ಟೆ," ಎಂದರು. ಎಲ್ಲರೂ ತಲೆಯಾಡಿಸಿದರು. ಅವಳ ಮೇಲೆ ಅಲ್ಲಿಯತನಕ ಇದ್ದದ್ದು ಅನುಮಾನ. ನಾನು ಕದ್ದು ಮಾಡಿದ ತಿದ್ದುಪಡಿ ಅದಕ್ಕೆ ಸಾಕ್ಷಿ ಒದಗಿಸಿತು.

ಎಲ್ಲರೂ ಎದ್ದುಹೋದ ಮೇಲೆ ನಾನು ಡಾಕ್ಟರ ಮುಂದೆ ನಿಂತು ಇದ್ದದ್ದನ್ನೆಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

"ಈಗ ಏನ್ ಮಾಡ್ಲಿ ಹೇಳಿ. ಈ ಹುಡುಗೀನ ತೆಗೀಲಾ? ಇವಳೇನು ತಪ್ಪು ಮಾಡಿದಾಳೆ?"

"ನನ್ನನ್ನ ತೆಗೀರಿ," ಎಂದೆ.

"ನಿಮ್ಮನ್ನ ತೆಗೆದ್ರೆ ಡಬ್ಬಿ ಹೊರೋ ಕೆಲಸ ಖಾಲಿ ಆಗುತ್ತೆ. ಆ ಬೆನ್ನಿಟ್ಕೊಂಡು ಅವಳು ದಿನಾ ರೈಲು ಹತ್ತಿ ಇಳೀತಾಳಾ?"

ಆದರೂ ಅಂದಿನಿಂದ ನಾನು ಹೋಗುವುದನ್ನು ನಿಲ್ಲಿಸಿದೆ. ಅದರಿಂದ ಅವಳಿಗೇನೂ ಸಿಗಲಿಲ್ಲ.

ಬರಿಗೈಯಲ್ಲಿ ಅವಳ ಮನೆಗೆ ಹೋಗಲು ಮನಸ್ಸಾಗದೆ ಕಂಪ್ಯೂಟರ್ ಸೆಂಟರಿಗೆ ಹೋದೆ. ಆ ಹೆಣ್ಣುಮಗಳಿಗೂ ಎಲ್ಲ ಹೇಳಿದೆ. "ನಾನು ಪುಟ ತೆಗೆದು ನಂಬರ್ ನೋಡ್ಬೇಕಿತ್ತು ಅಜ್ಜ. ನಿಮ್ಮ ಮಾತು ನಂಬ್ಕೊಂಡೆ," ಎಂದಳು. ಹಳೆಯ ಮೂರೂ ರಿಪೋರ್ಟುಗಳ ಅಜ್ಜಂಪುರದ ಸಾಲಿನ ಕೆಳಗೆ ಒಂದು ಟಿಪ್ಪಣಿ ಸೇರಿಸಿದಳು: ಈ ತಿಂಗಳುಗಳಲ್ಲಿ ಮ್ಯಾಪಿನ ಕರೆಗಳು ಕೌಂಟರಿಗೆ ಹೋಗಿಲ್ಲ, ಬೇರೆ ನಂಬರಿಗೆ ಹೋಗಿವೆ, ರಿಜಿಸ್ಟರಿನಲ್ಲಿ ತಪ್ಪಿಲ್ಲ. ಒಂದು ಪ್ರತಿ ಡಾಕ್ಟರಿಗೆ ಕಳಿಸಿ, ಇನ್ನೊಂದನ್ನು ಮುದ್ರಿಸಿ ನನಗೆ ಕೊಟ್ಟಳು.

ನಾನು ಮನೆಗೆ ಹೋದಾಗ ಕೌಂಟರಿನವಳು ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಎದುರಿಗೆ ಇನ್ನೊಂದು ಎತ್ತರದ ಸ್ಟೂಲಿಟ್ಟು, ಅದರ ಮೇಲೆ ಕತ್ತಿಯ ಮಣೆ ಇಟ್ಟುಕೊಂಡು ಅಡಿಕೆ ಸುಲಿಯುವುದನ್ನು ಕಲಿಯುತ್ತಿದ್ದಳು. ಪಕ್ಕದಲ್ಲಿ ಅವಳ ಅತ್ತೆ ನೆಲದ ಮೇಲೆ ಕೂತು, ಇವಳು ಒಂದು ಸುಲಿಯುವಷ್ಟರಲ್ಲಿ ನಾಲ್ಕು ಸುಲಿದು ಹಾಕುತ್ತಿದ್ದರು. ನಾನು ಮೊದಲು ಅತ್ತೆಗೇ ಹೇಳಿದೆ. ಬಟನ್ನು, ನಂಬರು, ನನ್ನ ಜೇಬು, ನಾನು ಹೇಳಿದ ಸುಳ್ಳು ಎಲ್ಲವನ್ನೂ.

ಅವರು ಕತ್ತಿ ನಿಲ್ಲಿಸದೆ ಕೇಳಿಸಿಕೊಂಡರು. "ನೀವು ದೊಡ್ಡೋರು, ಅವಳ ಮೇಲೆ ಮಾತು ಬರಬಾರದು ಅಂತ ಹೇಳ್ತಾ ಇದೀರಿ ಅಷ್ಟೆ. ಫೋನ್ ಎತ್ತಲಿಲ್ಲ ಅಂತ ಬಿಡ್ಸಿದ್ದು ಊರಿಗೆಲ್ಲ ಗೊತ್ತೈತೆ," ಎಂದರು.

"ನಿಜ ಕಣಮ್ಮ, ಎತ್ತದೆ ಇದ್ದೋನು ನಾನು."

"ಆಯ್ತು ಬಿಡಿ. ಕಾಫಿ ಕುಡೀತೀರಾ?"

ಸೊಸೆ ಎದ್ದು ಕೈ ಒರೆಸಿಕೊಂಡು ನನ್ನಿಂದ ಹಾಳೆ ತೆಗೆದುಕೊಂಡಳು. ಟಿಪ್ಪಣಿಯನ್ನು ಎರಡು ಸಲ ಓದಿದಳು. ಆವತ್ತು ಕಡೂರಿನಲ್ಲಿ ನನ್ನನ್ನು ನೋಡಿದ ಹಾಗೆ ನೋಡಲಿಲ್ಲ. ಕಣ್ಣು ಹಾಳೆಯ ಮೇಲೇ ಇತ್ತು.

"ರೈಲಲ್ಲೇ ಗೊತ್ತಾಗಿತ್ತಾ ನಿಮಗೆ? ಮೀಟಿಂಗಿನ ಹಿಂದಿನ ದಿನಾನೇ?"

"ಹೂಂ ಕಣವ್ವ."

ಅವಳು ಹಾಳೆಯನ್ನು ಮಡಚಿದಳು. "ಇದನ್ನ ಯಾರಿಗೆ ತೋರಿಸ್ಲಿ ಅಜ್ಜ?" ಎಂದಳು.

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ನಾನು ಒಬ್ಬೊಬ್ಬರನ್ನೇ ನೆನೆದೆ. ಡಾಕ್ಟರು ಓದಿಯಾಗಿದೆ. ಅತ್ತೆಗೆ ಓದು ಬರದು. ಬೀದಿಯವರಿಗೆ ಮನೆಮನೆಗೆ ಹಿಡಿದುಕೊಂಡು ಹೋಗುವ ಕಾಗದವಲ್ಲ ಅದು. ಅವಳು ಹಾಳೆಯನ್ನು ನನ್ನ ಕೈಗೇ ಕೊಟ್ಟು, ಸ್ಟೂಲಿನ ಮೇಲೆ ಕೂತು ಮುಂದಿನ ಅಡಿಕೆ ತೆಗೆದುಕೊಂಡಳು.